ಹಾರ್ಡ್ ಡಿಸ್ಕಿನ ಬೋರ್ಡ್ ಬದಲಾವಣೆ: ಮಾದರಿ ಸಂಖ್ಯೆ ಸಾಲದಾದದ್ದು ಹೇಗೆ

ಸತ್ತ ಹಾರ್ಡ್ ಡಿಸ್ಕಿಗೆ ಅದೇ ಮಾದರಿಯ ಇನ್ನೊಂದು ಡಿಸ್ಕಿನ ಬೋರ್ಡ್ ಕೂರಿಸಿದರೆ ಡೇಟಾ ಸಿಗುತ್ತದೆ ಎಂಬ ನಂಬಿಕೆ ರಿಪೇರಿ ಅಂಗಡಿಗಳಲ್ಲಿ ಇಂದಿಗೂ ಇದೆ. ಒಂದು ಕಾಲಕ್ಕೆ ಅದು ಬಹುಮಟ್ಟಿಗೆ ನಿಜವೇ ಆಗಿತ್ತು. ಡಿಸ್ಕಿನ ತಳದಲ್ಲಿರುವ ಬೋರ್ಡಿನ ಕೆಲಸ ಬದಲಾದಂತೆ ಆ ಮಾತಿನ ಬಲವೂ ಕುಗ್ಗುತ್ತ ಬಂತು.

1980ರಲ್ಲಿ ಬಂದ 5 ಮೆಗಾಬೈಟಿನ ಎಸ್‌ಟಿ-506 ಡಿಸ್ಕಿನಲ್ಲಿ ಬೋರ್ಡಿಗೆ ಹೆಚ್ಚಿನ ಬುದ್ಧಿ ಇರಲಿಲ್ಲ. ಡೇಟಾವನ್ನು ಸಂಕೇತಗಳಾಗಿ ಮಾರ್ಪಡಿಸುವ, ಸೆಕ್ಟರುಗಳನ್ನು ಗುರುತಿಸುವ ಕೆಲಸವೆಲ್ಲ ಕಂಪ್ಯೂಟರಿನೊಳಗಿನ ಕಂಟ್ರೋಲರ್ ಕಾರ್ಡಿನದು. ಹೆಡ್ಡುಗಳನ್ನು ಸ್ಟೆಪರ್ ಮೋಟಾರ್ ಹೆಜ್ಜೆ ಹೆಜ್ಜೆಯಾಗಿ ಸರಿಸುತ್ತಿತ್ತು. 1986ರ ಹೊತ್ತಿಗೆ ಐಡಿಇ ಡಿಸ್ಕುಗಳು ಬಂದಾಗ ಕಂಟ್ರೋಲರ್ ಡಿಸ್ಕಿನ ಬೋರ್ಡಿಗೇ ಇಳಿಯಿತು, ಅದರ ಜೊತೆಗೆ ಫರ್ಮ್‌ವೇರೂ ಬಂತು. ಆಗಿನಿಂದ ಬೋರ್ಡ್ ಬದಲಿಸುವವರು ಮಾದರಿಯ ಜೊತೆ ಫರ್ಮ್‌ವೇರ್ ಆವೃತ್ತಿಯನ್ನೂ ಹೊಂದಿಸತೊಡಗಿದರು.

ದೊಡ್ಡ ತಿರುವು ಬಂದದ್ದು 1990ರ ದಶಕದಲ್ಲಿ, ಐಬಿಎಂ ಬಳಕೆಗೆ ತಂದ ಮ್ಯಾಗ್ನೆಟೋರೆಸಿಸ್ಟಿವ್ ಹೆಡ್ಡುಗಳಿಂದ. ಇವುಗಳಲ್ಲಿ ಓದುವ ಭಾಗ ಬೇರೆ, ಬರೆಯುವ ಭಾಗ ಬೇರೆ. ತೋಳು ತಟ್ಟೆಯ ಒಳಅಂಚಿನಿಂದ ಹೊರಅಂಚಿಗೆ ವಾಲುತ್ತ ಹೋದಂತೆ ಈ ಎರಡರ ನಡುವಣ ಅಂತರದ ಲೆಕ್ಕವೂ ಬದಲಾಗುತ್ತದೆ. ಅದು ಪ್ರತಿ ಹೆಡ್ಡಿಗೂ ತುಸು ಭಿನ್ನ. ಮುಂದೆ ಹೆಡ್ಡಿನಲ್ಲೇ ಸಣ್ಣ ಹೀಟರ್ ಇಟ್ಟು, ಅದರ ಬಿಸಿಯಿಂದ ತಟ್ಟೆಗೂ ಹೆಡ್ಡಿಗೂ ನಡುವಿನ ಸಂದನ್ನು ನಿಯಂತ್ರಿಸುವ ವಿಧಾನವೂ ಸೇರಿತು. ಯಾವ ಹೆಡ್ಡಿಗೆ ಎಷ್ಟು ಕರೆಂಟ್ ಬೇಕು, ಯಾವ ಹೆಡ್ಡುಗಳು ಬಳಕೆಯಲ್ಲಿವೆ ಎಂಬುದನ್ನೆಲ್ಲ ಕಾರ್ಖಾನೆಯಲ್ಲಿ ಒಂದೊಂದು ಡಿಸ್ಕಿಗೂ ಪ್ರತ್ಯೇಕವಾಗಿ ಅಳೆದು ದಾಖಲಿಸುತ್ತಾರೆ. ಒಂದೇ ಫ್ರೇಮಿನ ಎರಡು ಕನ್ನಡಕಗಳ ಗಾಜಿನ ಪವರ್ ಬೇರೆಯಾಗಿರುವಂತೆ, ಒಂದೇ ಮಾದರಿಯ ಎರಡು ಡಿಸ್ಕುಗಳ ಅಳತೆಗಳೂ ಬೇರೆ.

ಈ ದಾಖಲೆಯ ಬಹುಪಾಲು ತಟ್ಟೆಯ ಮೇಲಿನ ಗುಪ್ತ ಭಾಗದಲ್ಲಿರುತ್ತದೆ. ಆದರೆ ಆ ಭಾಗವನ್ನು ಓದಲಿಕ್ಕೇ ಕೆಲವು ಅಳತೆಗಳು ಮೊದಲು ಬೇಕು. ಅವು ಬೋರ್ಡಿನ ಮೇಲಿನ ಎಂಟು ಕಾಲಿನ ROM ಚಿಪ್ಪಿನಲ್ಲಿರುತ್ತವೆ. ಮಾದರಿ ಸಂಖ್ಯೆ ಸಾಲದೆ ಹೋಗುವುದು ಇಲ್ಲಿಯೇ.

ಉದಾಹರಣೆಗೆ, ವೆಸ್ಟರ್ನ್ ಡಿಜಿಟಲ್ ಕಂಪನಿಯ 1 ಟೆರಾಬೈಟಿನ WD10EARS ಡಿಸ್ಕಿದ್ದ ಎಕ್ಸ್‌ಟರ್ನಲ್ ಪೆಟ್ಟಿಗೆಗೆ 12 ವೋಲ್ಟ್ ಬದಲು ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಚುಚ್ಚಲಾಗಿದೆ ಎಂದುಕೊಳ್ಳಿ. ಮೊದಲು ಮಲ್ಟಿಮೀಟರಿನಿಂದ 12 ವೋಲ್ಟಿನ ಸಾಲಿಗೂ ಗ್ರೌಂಡಿಗೂ ನಡುವೆ ಅಳೆಯಬೇಕು. ಸೊನ್ನೆಯ ಹತ್ತಿರ ಓಮ್ ತೋರಿಸಿದರೆ ರಕ್ಷಣೆಗಿಟ್ಟ ಟಿವಿಎಸ್ ಡಯೋಡ್ ಶಾರ್ಟ್ ಆಗಿರಬಹುದು. ಅದನ್ನು ಕಿತ್ತರೆ, ಸರಿಯಾದ ಪವರ್ ಸಪ್ಲೈನಲ್ಲಿ ಎಷ್ಟೋ ಸಲ ಡಿಸ್ಕ್ ಏಳುತ್ತದೆ. ಆಮೇಲೆ ರಕ್ಷಣೆ ಇರುವುದಿಲ್ಲವಾದ್ದರಿಂದ ತಕ್ಷಣ ಡೇಟಾ ನಕಲು ಮಾಡಿಕೊಳ್ಳಬೇಕು. ಮೋಟಾರ್ ಚಿಪ್ಪೇ ಸುಟ್ಟಿದ್ದರೆ ಮಾತ್ರ ಬೋರ್ಡ್ ಹುಡುಕಬೇಕಾದೀತು.

ಆಗ ನೋಡಬೇಕಾದ್ದು ಲೇಬಲ್ಲಿನ ಮಾದರಿಯನ್ನಲ್ಲ, ಬೋರ್ಡಿನ ಮೇಲೆ ಅಚ್ಚಾದ, 2060ರಿಂದ ಶುರುವಾಗುವ ಸಂಖ್ಯೆಯನ್ನು. ಒಂದೇ WD10EARS ಹೆಸರಿನಲ್ಲಿ ಬೇರೆ ಬೇರೆ ಬೋರ್ಡುಗಳು ಬಂದಿವೆ. ಸಂಖ್ಯೆ ಹೊಂದಿದ ಮೇಲೂ ಹಳೆಯ ಬೋರ್ಡಿನ ROM ಚಿಪ್ಪನ್ನು ಹೊಸದಕ್ಕೆ ಸಾಗಿಸಬೇಕು. ಈ ಕಂಪನಿಯ ಅನೇಕ ಬೋರ್ಡುಗಳಲ್ಲಿ ಅದರ ಜಾಗ U12. ಬಿಸಿಗಾಳಿಯಿಂದ ಚಿಪ್ ಬಿಡಿಸಿ, ಒಂದನೇ ಕಾಲಿನ ಚುಕ್ಕೆ ಮೊದಲಿದ್ದ ದಿಕ್ಕಿಗೇ ಬರುವಂತೆ ಬೆಸೆಯಬೇಕು. ಅದಕ್ಕೂ ಮುನ್ನ, ಬಿಡಿಸಿದ ಚಿಪ್ಪನ್ನು ಅದರ ವೋಲ್ಟೇಜಿಗೆ ಸರಿಹೊಂದುವ ಪ್ರೋಗ್ರಾಮರಿನಲ್ಲಿಟ್ಟು ಎರಡು ಸಲ ಓದಿ ನಕಲು ಇಟ್ಟುಕೊಳ್ಳುವುದು ಕ್ಷೇಮ:

```
flashrom -p ch341a_spi -r hale1.bin
flashrom -p ch341a_spi -r hale2.bin
sha256sum hale1.bin hale2.bin
```

ಎರಡೂ ಮೊತ್ತ ಒಂದೇ ಬಂದರೆ ಓದು ನಂಬಬಹುದು.

ಚಿಪ್ ಸಾಗಿಸದೆ ಬರೀ ಬೋರ್ಡ್ ಕೂರಿಸಿದರೆ ಸಾಮಾನ್ಯವಾಗಿ ಮೋಟಾರ್ ತಿರುಗುತ್ತದೆ, ಹೆಡ್ ಟಿಕ್ ಟಿಕ್ ಎಂದು ತಡಕಾಡುತ್ತದೆ, ಕೊನೆಗೆ ನಿಲ್ಲುತ್ತದೆ. ಕೆಲವು ಸಲ ಡಿಸ್ಕ್ ಪತ್ತೆಯಾದರೂ ಸಾಮರ್ಥ್ಯ ಸೊನ್ನೆ ಎಂದಿರುತ್ತದೆ. ಮತ್ತೆ ಮತ್ತೆ ಪವರ್ ಕೊಟ್ಟು ನೋಡುತ್ತಿದ್ದರೆ ಹೆಡ್ಡುಗಳಿಗೇ ಅಪಾಯ. ಹಳೆಯ ಬೋರ್ಡಿದ್ದಾಗಲೇ ಡಿಸ್ಕ್ ಹೀಗೆ ಸದ್ದು ಮಾಡುತ್ತಿತ್ತಾದರೆ ದೋಷ ಬಹುಶಃ ಒಳಗಿನ ಹೆಡ್ಡುಗಳದು. ಬೋರ್ಡ್ ಬದಲಿಸಿ ಫಲವಿಲ್ಲ.

ಕೆಲವು ಡಿಸ್ಕುಗಳಲ್ಲಿ ಕೆಲಸ ಇನ್ನೂ ಬಿಗಿ. U12 ಖಾಲಿಯಿರುವ ಬೋರ್ಡುಗಳಲ್ಲಿ ಆ ಅಳತೆಗಳು ಮುಖ್ಯ ಚಿಪ್ಪಿನೊಳಗೇ ಇರುತ್ತವೆ. ಅವನ್ನು ಹೊರತೆಗೆಯಲು ಪಿಸಿ-3000ದಂಥ ವೃತ್ತಿಪರ ಸಾಧನ ಬೇಕು. ಯುಎಸ್‌ಬಿ ಪೋರ್ಟ್ ಬೋರ್ಡಿಗೇ ಬೆಸೆದಿರುವ ಕೆಲವು ಪೋರ್ಟಬಲ್ ಡಿಸ್ಕುಗಳಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗಿಯೇ ತಟ್ಟೆಗೆ ಇಳಿಯುತ್ತದೆ. ಹಾಗಿದ್ದಾಗ ಡಿಸ್ಕ್ ಎದ್ದರೂ, ಎನ್‌ಕ್ರಿಪ್ಷನ್ ಬಿಚ್ಚುವ ಚಿಪ್ಪೂ ಕೀಯೂ ಸಿಗದೆ ಫೈಲುಗಳು ಸಿಗುವುದಿಲ್ಲ.

ಹೀಗೆ ನಾಲ್ಕು ದಶಕಗಳಲ್ಲಿ ಬೋರ್ಡ್ ಅದೇ ಮಾದರಿಯ ಯಾವ ಡಿಸ್ಕಿಗಾದರೂ ಸಲ್ಲುವ ಬಿಡಿಭಾಗದಿಂದ ಒಂದೇ ಒಂದು ಡಿಸ್ಕಿನ ದಾಖಲೆಯಾಗಿ ಬದಲಾಗಿದೆ. ಹೊಸ ಬೋರ್ಡ್ ಸಿಕ್ಕಿತೆಂದು ಸುಟ್ಟ ಬೋರ್ಡನ್ನು ಎಸೆದವರು ಎಷ್ಟೋ ಸಲ ಡೇಟಾದ ದಾರಿಯನ್ನೇ ಎಸೆದಿರುತ್ತಾರೆ. ಡಿಸ್ಕನ್ನು ರಿಪೇರಿಗೆ ಕೊಡುವಾಗ ಸುಟ್ಟ ಬೋರ್ಡನ್ನೂ ಜೊತೆಗೇ ಕೊಡಿ.