ಪುನರಾವರ್ತಿತ ಮೂಲ ಮತ್ತು ಕನಿಷ್ಠ ಬಹುಪದೋಕ್ತಿ: ಲಗ್ರಾಂಜ್‌ನಿಂದ ಕ್ರಿಲೋಫ್‌ವರೆಗೆ

ಒಂದು ಮಾತೃಕೆಯನ್ನು ಕರ್ಣರೂಪಕ್ಕೆ ತರಬಹುದೇ ಎಂಬ ಪ್ರಶ್ನೆಯನ್ನು ನಾವು ಇಂದು ಬೀಜಗಣಿತದ ಪಾಠದಲ್ಲಿ ಓದುತ್ತೇವೆ. ಆದರೆ ಅದರ ಬೇರು ಇರುವುದು ಸಣ್ಣ ಕಂಪನಗಳ ಅಧ್ಯಯನದಲ್ಲಿ. ಸಮತೋಲನದಲ್ಲಿರುವ ವ್ಯವಸ್ಥೆಯನ್ನು ಸ್ವಲ್ಪ ಅಲುಗಿಸಿದರೆ ಅದು ಅಲ್ಲೇ ಸುತ್ತ ಕಂಪಿಸುತ್ತಿರುತ್ತದೆಯೇ, ದೂರ ಸರಿಯುತ್ತಾ ಹೋಗುತ್ತದೆಯೇ? ಇದಕ್ಕೆ ಲಗ್ರಾಂಜ್ ಒಂದು ಬಹುಪದೋಕ್ತಿಯ ಮೂಲಗಳಲ್ಲಿ ಉತ್ತರ ಹುಡುಕಿದ. ಮೂಲಗಳು ಬೇರೆಬೇರೆಯಾಗಿದ್ದರೆ ಚಲನೆ ಸೈನ್, ಕೊಸೈನ್‌ಗಳ ಮೊತ್ತವಾಗುತ್ತದೆ. ಒಂದೇ ಮೂಲ ಎರಡು ಸಲ ಬಂದರೆ ಕಾಲ t ಗುಣಕವಾಗಿ ಸೇರಿಕೊಂಡು ಕಂಪನ ಬೆಳೆಯುತ್ತಲೇ ಹೋಗುತ್ತದೆ ಎಂದು ಅವನು ಭಾವಿಸಿದ. 1788ರ ‘ಮೆಕಾನಿಕ್ ಅನಲಿತಿಕ್’ನಲ್ಲೂ ಈ ನಿಲುವು ಉಳಿದಿದೆ. ಲಾಪ್ಲಾಸ್‌ ಕೂಡ ಇದೇ ಗ್ರಹಿಕೆಯನ್ನು ಹಂಚಿಕೊಂಡಿದ್ದ.

ಈ ಭಯಕ್ಕೆ ಪೂರ್ತಿ ಆಧಾರವಿರಲಿಲ್ಲ. ಸೂರಿನಿಂದ ದಾರದಲ್ಲಿ ತೂಗುಬಿಟ್ಟ ಗುಂಡು ಪೂರ್ವ-ಪಶ್ಚಿಮವಾಗಿಯೂ ಉತ್ತರ-ದಕ್ಷಿಣವಾಗಿಯೂ ಒಂದೇ ಆವರ್ತದಲ್ಲಿ ತೂಗುತ್ತದೆ. ಅಲ್ಲಿ ಮೂಲ ಎರಡು ಸಲ ಬಂದಿದೆ, ಆದರೂ ತೂಗಾಟ ಬೆಳೆಯುವುದಿಲ್ಲ. ಎಂಥ ಪುನರಾವರ್ತನೆ ಅಪಾಯಕಾರಿ, ಎಂಥದು ನಿರಪಾಯಕಾರಿ ಎಂಬುದೇ ಬಿಡಿಸಬೇಕಾದ ಗಂಟಾಗಿತ್ತು. 1858ರಲ್ಲಿ ವೈಯರ್‌ಸ್ಟ್ರಾಸ್ ಬರ್ಲಿನ್ನಿನ ಅಕಾಡೆಮಿಯಲ್ಲಿ ಮಂಡಿಸಿದ ಪ್ರಬಂಧ ಇದರ ಒಂದು ಎಳೆಯನ್ನು ಬಿಡಿಸಿತು. ಲಗ್ರಾಂಜ್ ಎದುರಿಸಿದ ಸಮ್ಮಿತ ಸಂದರ್ಭದಲ್ಲಿ ಮೂಲಗಳು ಎಷ್ಟೇ ಸಲ ಮರುಕಳಿಸಿದರೂ t ಬರುವುದಿಲ್ಲ ಎಂದು ಅವನು ಸಾಧಿಸಿದ. 1868ರಲ್ಲಿ ಅವನೇ ಇದನ್ನು ಇನ್ನೂ ವ್ಯಾಪಕ ಸಿದ್ಧಾಂತವಾಗಿ ಬೆಳೆಸಿದ.

ಅದೇ 1858ರಲ್ಲಿ ಇಂಗ್ಲೆಂಡಿನಲ್ಲಿ ಕೇಲಿ ಮಾತೃಕೆಗಳ ಮೇಲಿನ ತನ್ನ ಪ್ರಬಂಧವನ್ನು ಪ್ರಕಟಿಸಿದ. ಪ್ರತಿ ಮಾತೃಕೆಯೂ ತನ್ನ ಲಕ್ಷಣ ಬಹುಪದೋಕ್ತಿಯನ್ನು ಶೂನ್ಯಗೊಳಿಸುತ್ತದೆ ಎಂಬುದು ಅದರ ಪ್ರಮುಖ ಫಲಿತಾಂಶ. ಎರಡರ ವರ್ಗ ಮಾತೃಕೆಗೆ ಅವನು ಸಾಧನೆ ಕೊಟ್ಟ, ಮೂರರದಕ್ಕೆ ತಾಳೆ ನೋಡಿದೆನೆಂದ, ಮುಂದಿನದಕ್ಕೆ ಸಾಧನೆಯ ಶ್ರಮ ಬೇಕೆನಿಸಲಿಲ್ಲ ಎಂದು ಬಿಟ್ಟ. ಆ ಕೊರತೆಯನ್ನು ತುಂಬಿದವನು ವೈಯರ್‌ಸ್ಟ್ರಾಸನ ಶಿಷ್ಯ ಫ್ರೊಬೆನಿಯಸ್. ಜ್ಯೂರಿಕ್‌ನಲ್ಲಿ ಪಾಠ ಹೇಳುತ್ತಿದ್ದಾಗ, 1878ರಲ್ಲಿ, ಕ್ರೆಲ್ಲೆಯ ಪತ್ರಿಕೆಯಲ್ಲಿ ಬಂದ ಅವನ ದೀರ್ಘ ಲೇಖನದಲ್ಲಿ ಸಾಮಾನ್ಯ ಸಾಧನೆ ಇದೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು ಅವನು ಎತ್ತಿದ ಇನ್ನೊಂದು ಪ್ರಶ್ನೆ: ಮಾತೃಕೆಯನ್ನು ಶೂನ್ಯಗೊಳಿಸುವ ಬಹುಪದೋಕ್ತಿಗಳಲ್ಲಿ ಅತಿ ಕಡಿಮೆ ಘಾತದ್ದು ಯಾವುದು? ಅದೇ ಕನಿಷ್ಠ ಬಹುಪದೋಕ್ತಿ. ಅದು ಲಕ್ಷಣ ಬಹುಪದೋಕ್ತಿಯನ್ನು ಭಾಗಿಸುತ್ತದೆ. ಲಕ್ಷಣ ಬಹುಪದೋಕ್ತಿಯ ಪ್ರತಿ ಮೂಲವೂ ಅದರಲ್ಲಿ ಒಮ್ಮೆಯಾದರೂ ಇರುತ್ತದೆ. ಅದರಲ್ಲಿ ಯಾವ ಮೂಲವೂ ಮರುಕಳಿಸದಿದ್ದಾಗ ಮಾತ್ರ ಮಾತೃಕೆ ಕರ್ಣೀಕರಣಕ್ಕೆ ಒಗ್ಗುತ್ತದೆ. ಲಗ್ರಾಂಜ್ ನೋಡಬೇಕಾಗಿದ್ದ ಬಹುಪದೋಕ್ತಿ ಇದು.

ಎರಡು ಮಾತೃಕೆಗಳನ್ನು ಎದುರಿಗಿಟ್ಟುಕೊಂಡು ನೋಡೋಣ.

```
      1  -1  -2             2   0   1
A =  -2   0  -4       B =  -3  -1  -7
      1   1   4             1   1   4
```

ಎರಡರ ಲಕ್ಷಣ ಬಹುಪದೋಕ್ತಿಯೂ ಒಂದೇ: x³ − 5x² + 8x − 4, ಅಂದರೆ (x − 1)(x − 2)². ಕನಿಷ್ಠ ಬಹುಪದೋಕ್ತಿಯಲ್ಲಿ 1 ಮತ್ತು 2 ಎರಡೂ ಇರಲೇಬೇಕು. ಹಾಗಾಗಿ ಉಳಿದ ಆಯ್ಕೆಗಳು ಎರಡೇ: (x − 1)(x − 2) ಅಥವಾ ಪೂರ್ತಿ ಘನ ಬಹುಪದೋಕ್ತಿ. ಫ್ರೊಬೆನಿಯಸ್‌ನ ಸೂತ್ರದಂತೆ xI − A ಮಾತೃಕೆಯಿಂದ ಒಂದು ಅಡ್ಡಸಾಲು, ಒಂದು ಕಂಬಸಾಲು ತೆಗೆದು ಸಿಗುವ ನಿರ್ಧಾರಕಗಳ ಮ.ಸಾ.ಅ. ಕಂಡುಹಿಡಿದು, ಅದರಿಂದ ಲಕ್ಷಣ ಬಹುಪದೋಕ್ತಿಯನ್ನು ಭಾಗಿಸಬೇಕು. A ವಿಷಯದಲ್ಲಿ ಅಂಥ ನಿರ್ಧಾರಕಗಳಲ್ಲಿ (x − 2)², (x − 2)(x + 1), −2(x − 2) ಮುಂತಾದವು ಬರುತ್ತವೆ. ಎಲ್ಲದರಲ್ಲೂ x − 2 ಇದೆ, ಅದಕ್ಕಿಂತ ಹೆಚ್ಚೇನೂ ಸಮಾನವಾಗಿಲ್ಲ. ಭಾಗಿಸಿದರೆ (x − 1)(x − 2) ಉಳಿಯುತ್ತದೆ. B ವಿಷಯದಲ್ಲಿ x + 1 ಮತ್ತು −(x − 2) ಎರಡೂ ಸಿಗುವುದರಿಂದ ಮ.ಸಾ.ಅ. 1. ಅಲ್ಲಿ ಕನಿಷ್ಠ ಬಹುಪದೋಕ್ತಿ ಇಡೀ ಘನವೇ, ಮೂಲ 2 ಮರುಕಳಿಸಿದೆ. ಆದ್ದರಿಂದ A ಕರ್ಣೀಕರಣಗೊಳ್ಳುತ್ತದೆ, B ಗೊಳ್ಳುವುದಿಲ್ಲ.

ಮೂಲ ಮರುಕಳಿಸದಿದ್ದರೆ ಕರ್ಣೀಕರಣ ಏಕೆ ಖಚಿತ ಎಂಬುದನ್ನು A ಯಲ್ಲೇ ಕಾಣಬಹುದು. I = (A − I) − (A − 2I) ಎಂಬುದು ಯಾವಾಗಲೂ ನಿಜ. ಆದ್ದರಿಂದ ಯಾವುದೇ ಸದಿಶ v ಯನ್ನು (A − I)v ಮತ್ತು −(A − 2I)v ಎಂದು ಎರಡು ತುಂಡು ಮಾಡಬಹುದು. (A − 2I)(A − I) = 0 ಆಗಿರುವುದರಿಂದ ಮೊದಲ ತುಂಡನ್ನು A ಎರಡರಿಂದ ಗುಣಿಸುತ್ತದೆ, ಎರಡನೆಯದನ್ನು ಇದ್ದಂತೆಯೇ ಬಿಡುತ್ತದೆ. ಹೀಗೆ ಇಡೀ ಅವಕಾಶ ಐಗನ್ ಸದಿಶಗಳಿಂದ ತುಂಬಿಹೋಗುತ್ತದೆ. B ಯಲ್ಲಿ ಇದೇ ಗುಣಲಬ್ಧ (B − I)(B − 2I) ಶೂನ್ಯವಲ್ಲ. ಅದರ ಅಡ್ಡಸಾಲುಗಳು (1, 1, 3), (−1, −1, −3), (0, 0, 0). X′ = BX ಎಂಬ ಸಮೀಕರಣವನ್ನು ಬಿಡಿಸಿದಾಗ te²ᵗ ಪದದ ಗುಣಕವಾಗಿ ಬರುವ ಮಾತೃಕೆ ಸರಿಯಾಗಿ ಇದೇ. ಲಗ್ರಾಂಜ್‌ ಅಂಜಿದ್ದ t ಇಲ್ಲಿ ನಿಜವಾಗಿಯೂ ಬಂತು. A ಯ ಉತ್ತರದಲ್ಲಿ ಅದರ ಸುಳಿವೇ ಇಲ್ಲ.

ಮಾತೃಕೆ ದೊಡ್ಡದಾದಂತೆ ಈ ಎಲ್ಲ ನಿರ್ಧಾರಕಗಳನ್ನು ಬಿಡಿಸುವುದು ಕೈಲಾಗದ ಕೆಲಸ. ಹಡಗು ನಿರ್ಮಾಣದ ಎಂಜಿನಿಯರೂ ಗಣಿತಜ್ಞನೂ ಆಗಿದ್ದ ಅಲೆಕ್ಸೈ ಕ್ರಿಲೋಫ್ 1931ರಲ್ಲಿ ಬೇರೆ ದಾರಿ ತೋರಿದ. ಅವನ ಪ್ರಬಂಧದ ವಿಷಯವೂ ಸಣ್ಣ ಕಂಪನಗಳ ಆವರ್ತಗಳೇ. ಒಂದು ಸದಿಶ v ಹಿಡಿದು Av, A²v ಎಂದು ಗುಣಿಸುತ್ತಾ ಹೋಗಬೇಕು, ಹೊಸ ಸದಿಶ ಹಿಂದಿನವುಗಳಿಂದಲೇ ಕಟ್ಟಬಹುದಾದಲ್ಲಿ ನಿಲ್ಲಬೇಕು. v = (1, 0, 0) ಎಂದಿರಲಿ. Av = (1, −2, 1), A²v = (1, −6, 3). ಇದು 3Av − 2v ಆಗಿರುವುದರಿಂದ ಸಿಕ್ಕಿದ್ದು x² − 3x + 2. B ಯಲ್ಲಿ ಅದೇ v ಯಿಂದ (2, −3, 1), (5, −10, 3) ಬರುತ್ತವೆ. ಈ ಮೂರೂ ಪರಸ್ಪರ ಸ್ವತಂತ್ರ, ಹಾಗಾಗಿ ಘಾತ 3ಕ್ಕಿಂತ ಕಡಿಮೆಯಾಗಲಾರದು.

ಇಲ್ಲಿ ಎಡವುವ ಜಾಗವೊಂದಿದೆ. v = (1, −1, 0) ಎಂದು ಆರಿಸಿದರೆ Bv = 2v ಆಗಿ ಕೇವಲ x − 2 ಸಿಗುತ್ತದೆ. ಒಂದು ಸದಿಶ ಕೊಡುವುದು ಕನಿಷ್ಠ ಬಹುಪದೋಕ್ತಿಯ ಒಂದು ಅಪವರ್ತನವನ್ನು ಮಾತ್ರ. ಆಧಾರ ಸದಿಶಗಳೆಲ್ಲವುಗಳಿಂದ ಬಂದ ಬಹುಪದೋಕ್ತಿಗಳ ಲ.ಸಾ.ಅ. ತೆಗೆದರಷ್ಟೇ ಉತ್ತರ ಪೂರ್ತಿ. A ಯಲ್ಲಿ ಉಳಿದ ಎರಡು ಆಧಾರ ಸದಿಶಗಳೂ x² − 3x + 2 ಅನ್ನೇ ಕೊಡುವುದರಿಂದ ತೀರ್ಮಾನ ಗಟ್ಟಿ.

ಮೂಲ ಮರುಕಳಿಸಿದೆಯೇ ಎಂದು ತಿಳಿಯಲು ಮೂಲಗಳನ್ನು ಕಂಡುಹಿಡಿಯುವ ಅಗತ್ಯವೂ ಇಲ್ಲ. ಬಹುಪದೋಕ್ತಿ ಮತ್ತು ಅದರ ನಿಷ್ಪನ್ನದ ಮ.ಸಾ.ಅ.ವನ್ನು ಯೂಕ್ಲಿಡ್‌ನ ಭಾಗಾಕಾರದಿಂದ ತೆಗೆದರೆ ಸಾಕು. B ಗೆ ನಿಷ್ಪನ್ನ 3x² − 10x + 8 = (3x − 4)(x − 2), ಮ.ಸಾ.ಅ. x − 2. A ಗೆ ನಿಷ್ಪನ್ನ 2x − 3, ಮ.ಸಾ.ಅ. 1. ಆದರೆ ಈ ಪರೀಕ್ಷೆ ಮಿಶ್ರ ಸಂಖ್ಯೆಗಳ ಮೇಲಿನ ಕರ್ಣೀಕರಣವನ್ನಷ್ಟೇ ಹೇಳುತ್ತದೆ. 90 ಡಿಗ್ರಿ ತಿರುಗಿಸುವ ಮಾತೃಕೆಯ ಕನಿಷ್ಠ ಬಹುಪದೋಕ್ತಿ x² + 1. ಮೂಲ ಮರುಕಳಿಸಿಲ್ಲ, ಆದರೂ ವಾಸ್ತವ ಸಂಖ್ಯೆಗಳಲ್ಲಿ ಅದಕ್ಕೆ ಮೂಲವೇ ಇಲ್ಲದ್ದರಿಂದ ಅಲ್ಲಿ ಕರ್ಣರೂಪ ಸಿಗದು.

ದಶಮಾಂಶಗಳಲ್ಲಿ ಲೆಕ್ಕ ಹಾಕುವವರಿಗೆ ಇನ್ನೊಂದು ತೊಡಕಿದೆ. B ಯ ಅಂಕಿಗಳನ್ನು ಅತಿ ಸ್ವಲ್ಪ ಅಲುಗಿಸಿದರೂ ಸಾಮಾನ್ಯವಾಗಿ 2, 2 ಎಂಬ ಜೋಡಿ ಬೇರ್ಪಟ್ಟು, ಮೂರು ಬೇರೆಬೇರೆ ಮೂಲಗಳಿರುವ ಮಾತೃಕೆಯಾಗುತ್ತದೆ. ಆಗ ಪರೀಕ್ಷೆ ‘ಕರ್ಣೀಕರಣ ಸಾಧ್ಯ’ ಎನ್ನುತ್ತದೆ, ಆದರೆ ಸಿಗುವ ಐಗನ್ ಸದಿಶಗಳಲ್ಲಿ ಎರಡು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ವಾಲಿರುತ್ತವೆ. ಹಾಗೆ ವಾಲಿದ್ದು ಕಂಡರೆ ಅಂಕಿಗಳನ್ನು ಭಿನ್ನರಾಶಿಗಳಾಗಿ ಬರೆದು, ಕನಿಷ್ಠ ಬಹುಪದೋಕ್ತಿಯನ್ನು ನಿಖರವಾಗಿ ಮತ್ತೆ ತೆಗೆಯಬೇಕು.