ದಿನ ತಪ್ಪಿದ ಕೌದಿ

‘ಹದಿನೈದನೇ ತಾರೀಖಿಗೆ ತಪ್ಪದ ಕಳಸ್ತೀವ್ರಿ’ ಅಂತ ಮೂವರು ಗಿರಾಕಿಗಳಿಗೆ ಬರೆದವಳು ನಾನೇ. ಹಳಿಯಾಳದ ಕಡೆ ಕೌದಿ ಹೊಲಿಯುವ ನಾಲ್ಕು ಹೆಂಗಸರ ವಾಟ್ಸ್ಆ್ಯಪ್ ಬರವಣಿಗೆ ನನ್ನ ಪಾಲಿಗಿದೆ. ಹೊಲಿಗೆ ಮುಗಿದಿತ್ತು, ಮಳೆ ಮುಗಿಯಲಿಲ್ಲ. ಒಗೆದ ಕೌದಿ ಮೇಲೆ ಒಣಗಿದಂತೆ ಕಂಡರೂ ಹಳೇ ಸೀರೆಯ ಒಳಪದರು ಹಸಿಯಾಗೇ ಇರುತ್ತದೆ. ಕೆನ್ನೆಗೆ ಒತ್ತಿದರೆ ತಣ್ಣಗೆ ಹತ್ತುತ್ತದೆ. ಹಾಗೇ ಮಡಚಿ ಕಳಿಸಿದರೆ ಪೊಟ್ಟಣ ಬಿಚ್ಚಿದವರ ಮೂಗಿಗೆ ಮುಗ್ಗಲು ವಾಸನೆ.

ಕ್ಷಮೆ ಕೇಳಲು ಮೊದಲು ಹೀಗೆ ಬರೆದೆ: ‘ಅನಿವಾರ್ಯ ಕಾರಣಗಳಿಂದ ವಿಳಂಬವಾಗಿದ್ದು, ಅಡಚಣೆಗಾಗಿ ವಿಷಾದಿಸುತ್ತೇವೆ.’ ಓದಿಸಿಕೊಂಡ ಹಿರಿಯಾಕೆ ಕೇಳಿದಳು, ‘ಅಕ್ಕಾರ, ಇದನ್ನ ನಾವು ಹೇಳಾಕತ್ತೀವೋ, ರೈಲ್ವೆ ಸ್ಟೇಷನ್ ಹೇಳಾಕತ್ತೈತೋ?’ ಮತ್ತೆ ತಾನೇ ಅಂದಳು, ‘ತಪ್ಪಾತ್ರಿ ಅಂತ ಬರೀರಿ, ಸಾಕು.’

ಆಗ ‘ತಪ್ಪು’ ಕಣ್ಣಿಗೆ ಬಿತ್ತು. ಅದು ಬರೀ ಅಪರಾಧದ ಹೆಸರಲ್ಲ, ಕ್ರಿಯಾಪದವೂ ಹೌದು. ಬಸ್ಸು ತಪ್ಪುತ್ತದೆ, ದಾರಿ ತಪ್ಪುತ್ತದೆ, ಲೆಕ್ಕ ತಪ್ಪುತ್ತದೆ, ಮಾತು ತಪ್ಪುತ್ತದೆ. ಸೇರಬೇಕಾದಲ್ಲಿ ಸೇರದೆ ಹೋಗುವುದೇ ತಪ್ಪು. ಹಳಿಯಾಳ, ಜೋಯಿಡಾ ಕಡೆ ಕಿವಿಗೆ ಬೀಳುವ ಮರಾಠಿಯಲ್ಲೂ ‘ಚೂಕ್’ ಅಂದರೆ ತಪ್ಪು, ‘ವಾಟ್ ಚುಕಲಿ’ ಅಂದರೆ ದಾರಿ ತಪ್ಪಿತು. ‘ವಿಷಾದ’ದಲ್ಲಿ ದುಃಖವಿದೆ, ತಪ್ಪಿದ್ದು ಯಾರು ಅನ್ನುವುದಿಲ್ಲ. ‘ತಪ್ಪದೆ’ ಎಂದು ಕೊಟ್ಟ ಮಾತಿಗೆ ‘ತಪ್ಪಾತು’ ಎಂದೇ ಉತ್ತರ ಹೇಳಬೇಕು.

ಮೂರು ಸಂದೇಶಗಳನ್ನೂ ತಿದ್ದಿದೆ. ಎಲ್ಲರಿಗೂ ಒಂದನ್ನೇ ಅಂಟಿಸಲಿಲ್ಲ. ತೊಟ್ಟಿಲ ಶಾಸ್ತ್ರಕ್ಕೆ ಚಿಕ್ಕ ಕೌದಿ ಕೇಳಿದವರಿಗೆ: ‘ಅಕ್ಕಾರ, ತಪ್ಪಾತ್ರಿ. ಕೌದಿ ಒಳಗ ಇನ್ನೂ ಹಸಿ ಐತಿ. ನಿಮ್ಮ ಕಾರ್ಯಕ್ಕ ಮುಟ್ಟೂದಿಲ್ಲ. ಬ್ಯಾಡಂದ್ರ ರೊಕ್ಕ ಇವತ್ತ ವಾಪಸ್ ಹಾಕ್ತೀವಿ.’ ಅವರಿಗೆ ದಿನ ದಾಟಿದ ಮೇಲೆ ಹೊಸ ತಾರೀಖು ಹೇಳಿ ಉಪಯೋಗವಿಲ್ಲ, ಮೊದಲು ಬೇಕಾದದ್ದು ಬೇರೆ ಏರ್ಪಾಡಿಗೆ ವೇಳೆ. ಮಾರಾಟಕ್ಕೆ ಆರು ಕೇಳಿದ ಅಂಗಡಿಯವರಿಗೆ: ‘ಎರಡು ಒಣಗ್ಯಾವು, ನಾಳೆ ಕೊರಿಯರಿಗೆ ಹಾಕ್ತೀವಿ. ನಾಲ್ಕು ಉಳದಾವು.’ ಹಳೇ ಪರಿಚಯದ ಮೂರನೆಯವರಿಗೆ ಒಂದೇ ಸಾಲು, ಜೊತೆಗೆ ಹಗ್ಗದ ಮೇಲಿನ ಕೌದಿಯ ಫೋಟೋ.

ಮೂರರಲ್ಲೂ ‘ಸ್ವಲ್ಪ ತಡ’ವನ್ನು ಹೊಡೆದುಹಾಕಿದೆ. ಸ್ವಲ್ಪವೋ ಬಹಳವೋ ಎಂದು ಅಳೆಯುವವರು ಕಾಯುವವರು. ತಪ್ಪನ್ನು ಮಳೆಯ ಮೇಲೆ ಹಾಕಿದ್ದ ಎರಡು ಸಾಲೂ ಹೋದವು. ಜುಲೈಯಲ್ಲಿ ಇಲ್ಲಿ ಮಳೆ ಬರುತ್ತದೆ ಅಂತ ತಾರೀಖು ಕೊಡುವಾಗಲೇ ನಮಗೆ ಗೊತ್ತಿತ್ತಲ್ಲ.

ಹರಕೆ ತಪ್ಪಿದವರು ದೇವರಿಗೆ ತಪ್ಪುಕಾಣಿಕೆ ಇಡುತ್ತಾರೆ, ಬರೀ ಕೈಮುಗಿದು ಬರುವುದಿಲ್ಲ. ಅಂಗಡಿಯವರ ಕೊರಿಯರ್ ಖರ್ಚನ್ನು ನಾವೇ ಹೊತ್ತೆವು. ಉಳಿದ ನಾಲ್ಕು ಯಾವಾಗ ಅಂತ ಅವರು ಕೇಳಿದರು. ‘ತಪ್ಪದ’ ಅಂತ ಟೈಪಿಸಿ, ಅಳಿಸಿ, ಹಿತ್ತಲಿಗೆ ಹೋಗಿ ಕೌದಿಯನ್ನು ಕೆನ್ನೆಗೆ ಒತ್ತಿ ನೋಡಿದೆ.