ತಲೆಗೆ ತಲೆ ಅಂಟಿಸಿದ ಕಥೆ

ತಿರುಪತಿಗೆ ಮುಡಿ ಕೊಟ್ಟು ಬಂದ ಹುಡುಗನಿಗೆ ಅದೇ ವಾರ ಹೆಣ್ಣಿನ ಕಡೆಯವರು ಫೋಟೋ ಕೇಳಿದರೆ ಏನು ಮಾಡೋದು? ರಾಜಾಜಿನಗರ, ವಿಜಯನಗರದ ಸ್ಟುಡಿಯೋಗಳಿಗೆ ಇದು ಹೊಸ ಪ್ರಶ್ನೆಯಲ್ಲ. ಹುಡುಗನ ಬೋಳುತಲೆಯ ಫೋಟೋ ಒಂದು, ಕೂದಲಿರುವ ಅಣ್ಣನ ಫೋಟೋ ಇನ್ನೊಂದು. ಇದರ ಕೂದಲನ್ನು ಅದರ ಮೇಲೆ ಕೂರಿಸಬೇಕು, ಅಷ್ಟೇ. ಆದರೆ ಈ ‘ಅಷ್ಟೇ’ ಅನ್ನುವುದಕ್ಕೆ ಮೂರು ಕಾಲದ ತಂತ್ರಗಳು ಬೆವರು ಸುರಿಸಿವೆ.

ಕಪ್ಪು-ಬಿಳುಪಿನ ಕಾಲದಲ್ಲಿ ತಿದ್ದುವ ಕೆಲಸವೆಲ್ಲ ನೆಗೆಟಿವ್ ಮೇಲೆ, ಚೂಪಾದ ಪೆನ್ಸಿಲ್‌ನಿಂದ. ಆದರೆ ನೆಗೆಟಿವ್‌ನಲ್ಲಿ ಎಲ್ಲ ತಲೆಕೆಳಗು. ಅಲ್ಲಿ ಪೆನ್ಸಿಲ್ ಗೀಟು ಹಾಕಿದರೆ ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗಾಗುತ್ತದೆ. ಮೊಡವೆ ಕಲೆ, ಸುಕ್ಕು ಅಳಿಸೋಕೆ ಅದು ಹೇಳಿ ಮಾಡಿಸಿದ್ದು. ಕಪ್ಪು ಕೂದಲು ಬೆಳೆಸಬೇಕಾದರೆ ಮಾತ್ರ ನೆಗೆಟಿವ್‌ನ ಪದರವನ್ನೇ ಬ್ಲೇಡಿನಿಂದ ಕೆರೆಯಬೇಕು. ಕೈ ಒಂದಿಷ್ಟು ಜಾರಿದರೆ ಹಣೆ ಹರಿದ ಹಾಗೆ. ಅದಕ್ಕಿಂತ ಪ್ರಿಂಟ್ ಹಾಕಿ ಅದರ ಮೇಲೆ ಸಣ್ಣ ಕುಂಚದಿಂದ ಕೂದಲು ಬರೆಯುವುದು ಸುಲಭ. ಅಂಥ ಚಿತ್ರಗಳಲ್ಲಿ ಹಣೆಯ ಮೇಲೆ ಟೋಪಿ ಇಟ್ಟಂಥ ಗೆರೆಯೊಂದು ಕಾಣುತ್ತೆ, ನೋಡಿ. ಕೂದಲು ಚರ್ಮದಿಂದ ಹುಟ್ಟಿದ್ದಲ್ಲ, ಮೇಲೆ ಇಟ್ಟಿದ್ದು ಅಂತ ಆ ಗೆರೆಯೇ ಹೇಳಿಬಿಡುತ್ತೆ.

1990ರಲ್ಲಿ ಫೋಟೋಶಾಪ್ ಬಂತು, 1994ರ ಮೂರನೇ ಆವೃತ್ತಿಯಲ್ಲಿ ಲೇಯರ್ ಬಂತು. ಒಂದು ಫೋಟೋದ ಕೂದಲನ್ನು ಕತ್ತರಿಸಿ, ಮುಖಕ್ಕೆ ಅಂಟಿಕೊಳ್ಳದ ಹಾಗೆ ಅದರ ಮೇಲೆ ಆಚೀಚೆ ಸರಿಸಿ ನೋಡುವ ಅನುಕೂಲ ಆಗ ಸಿಕ್ಕಿತು. ನಮ್ಮ ಹುಡುಗನನ್ನೇ ತಗೊಳ್ಳೋಣ. ಅವನ ಫೋಟೋದಲ್ಲಿ ಎರಡು ಕಣ್ಣುಪಾಪೆಗಳ ನಡುವೆ 120 ಪಿಕ್ಸೆಲ್, ಅಣ್ಣನದರಲ್ಲಿ 96. ಅಂದರೆ ಅಣ್ಣನ ಕೂದಲನ್ನು 1.25 ಪಟ್ಟು ಹಿಗ್ಗಿಸಬೇಕು. ಹಿಗ್ಗಿಸಿದ ಕೂಡಲೇ ಮುಖ ಚೂಪಾಗಿದ್ದು ಕೂದಲು ಮಸುಕಾಗುತ್ತೆ, ಅದಕ್ಕೆ ಸ್ವಲ್ಪ ಕಾಳುಕಾಳು ಬೆರೆಸಬೇಕು. ಅಣ್ಣನ ಹಿನ್ನೆಲೆ ಬಿಳಿಯಿದ್ದರೆ ಲೇಯರನ್ನು `Multiply` ಮಾಡಿದರೆ ಸಾಕು, ಬಿಳಿ ಮಾಯವಾಗಿ ಹಾರಾಡುವ ಎಳೆಗಳು ಉಳಿಯುತ್ತವೆ. ಹುಡುಗನ ಹಿಂದೆ ಗಾಢ ಪರದೆ ಇದ್ದರೆ ಈ ಉಪಾಯ ನಡೆಯಲ್ಲ.

ಕಷ್ಟ ಇರುವುದು ಹಣೆಯಂಚಿನಲ್ಲಿ. ಬೋಳಿಸಿದ ತಲೆಯ ಮೇಲೂ ಕೂದಲು ಶುರುವಾಗುವ ಜಾಗ ಹಸಿರು-ಬೂದು ನೆರಳಾಗಿ ಕಾಣುತ್ತದೆ. ಕೂದಲನ್ನು ಹೊಂದಿಸಬೇಕಾದ್ದು ಆ ನೆರಳಿಗೆ, ಅಣ್ಣನ ಹಣೆಯ ಅಳತೆಗಲ್ಲ. ಹುಡುಗನಿಗೆ ಎರಡೂ ಕಡೆ ಒಂದು ಬೆರಳಿನಷ್ಟು ಕೂದಲು ಹಿಂದಕ್ಕೆ ಸರಿದಿದ್ದು ಅಣ್ಣನದು ದಟ್ಟವಾಗಿದ್ದರೆ, ಅಣ್ಣನದನ್ನು ಹಾಗೇ ಕೂರಿಸಿದಾಗ ಚೆಂದ ಕಾಣುತ್ತಾನೆ, ಸರಿ. ಆದರೆ ಆರು ತಿಂಗಳ ನಂತರ ಮದುವೆ ಮಂಟಪದಲ್ಲಿ ಆ ಹಣೆ ಎಲ್ಲಿಂದ ತರೋದು? ಅನುಭವಸ್ಥ ಕೈ ಅಣ್ಣನ ಕೂದಲಿನ ಕೆಳಗಿನ ಅಂಚನ್ನು ಎರಡು-ಮೂರು ಪಿಕ್ಸೆಲ್ ಮೃದು ಮಾಡಿ ಒರೆಸಿ, ನೆರಳು ಇರುವ ಕಡೆಯಿಂದಲೇ ಒಂದೊಂದು ಪಿಕ್ಸೆಲ್ ದಪ್ಪದ ಎಳೆ ಬರೆಯುತ್ತೆ. ಮುಂಗೂದಲು ಎಂದೂ ಒಂದೇ ದಿಕ್ಕಿಗೆ ಹುಟ್ಟಲ್ಲ.

ಈಗ ಯಂತ್ರವೇ ಮಾಡುತ್ತದೆ. 2018ರ ಕೊನೆಯಲ್ಲಿ ಎನ್‌ವಿಡಿಯಾದವರು ಸ್ಟೈಲ್‌ಗ್ಯಾನ್ ಎಂಬ, ಇಲ್ಲದ ಮುಖಗಳನ್ನು ಬರೆಯುವ ಮಾದರಿಯನ್ನು ಪ್ರಕಟಿಸಿದರು. ಅದರ ಜೊತೆಗೆ ತರಬೇತಿಗೆಂದು 70,000 ಮುಖಗಳ ಚಿತ್ರಸಂಗ್ರಹವನ್ನೂ ಕೊಟ್ಟರು. ಅದರ ಮೇಲೆ 2021ರಲ್ಲಿ ಬಂದ ಬಾರ್ಬರ್‌ಶಾಪ್ ಎಂಬ ವಿಧಾನ ಮೂರು ಫೋಟೋ ಕೇಳುತ್ತದೆ: ಮುಖ ಯಾರದ್ದು, ಕೂದಲಿನ ಆಕಾರ ಯಾರದ್ದು, ಬಣ್ಣ ಮತ್ತು ಹೊಳಪು ಯಾರದ್ದು. ಮೊದಲು ಇದು ಕೂದಲು, ಇದು ಚರ್ಮ, ಇದು ಕಿವಿ ಅಂತ ಚಿತ್ರವನ್ನು ಭಾಗ ಮಾಡಿಕೊಳ್ಳುತ್ತದೆ. ಆಮೇಲೆ ಫಲಿತಾಂಶ ಹೇಗಿರಬೇಕೆಂಬ ಭಾಗಗಳ ನಕ್ಷೆ ತಯಾರಿಸಿ, ಮೂರನ್ನೂ ಅದಕ್ಕೆ ಒಗ್ಗಿಸಿ ಬೆರೆಸುತ್ತದೆ. ಮುಚ್ಚಿದ್ದ ಜಾಗ ಬಯಲಾದರೆ ಅಲ್ಲಿನ ಹಣೆಯನ್ನೋ ಕಿವಿಯನ್ನೋ ಊಹಿಸಿ ಬರೆಯುತ್ತದೆ. ಹುಡುಗನ ನಿಜವಾದ ಹಣೆ ಅದಕ್ಕೆ ಗೊತ್ತೇ ಇಲ್ಲ, ಆದರೂ ಸಂಕೋಚವಿಲ್ಲದೆ ಬರೆಯುತ್ತದೆ.

ಎಳೆಗಳ ವಿಷಯದಲ್ಲಿ ತಪ್ಪುವ ಕಾರಣ ಬೇರೆ. ಆಕಾರದ ಮಾಹಿತಿಯನ್ನು ಅದು 32×32 ಮನೆಗಳ ಚೌಕಾಕಾರದಲ್ಲಿ ಇಟ್ಟುಕೊಳ್ಳುತ್ತದೆ. 1024 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಒಂದು ಮನೆ ಎಂದರೆ 32 ಪಿಕ್ಸೆಲ್. ಅದಕ್ಕಿಂತ ಸಣ್ಣ ಗುಂಗುರು ಸುರುಳಿಗಳನ್ನು ಇದ್ದ ಹಾಗೇ ಎತ್ತಿಡುವುದಕ್ಕಿಂತ ಹೊಸದಾಗಿ ಬರೆಯುತ್ತದೆ, ಹಾಗಾಗಿ ಗುಂಗುರು ಸುಲಭವಾಗಿ ಬರೀ ಅಲೆಯಾಗಿಬಿಡುತ್ತದೆ. ಎಣ್ಣೆ ಹಚ್ಚಿ ಬಾಚಿದ ತಲೆಯ ಬಿಳಿ ಹೊಳಪೂ ಅಣ್ಣನ ಸ್ಟುಡಿಯೋದ ದೀಪದ್ದು. ಹುಡುಗನ ಮುಖಕ್ಕೆ ಬೆಳಕು ಎಡಗಡೆಯಿಂದ ಬಿದ್ದು, ಕೂದಲು ಬಲಗಡೆ ಮಿಂಚಿದರೆ ಅಂಟಿಸಿದ್ದು ಅಂತ ಅಲ್ಲೇ ಗೊತ್ತಾಗುತ್ತೆ. ಹೆಣ್ಣುಮಕ್ಕಳ ಫೋಟೋದಲ್ಲಿ ಇನ್ನೊಂದು ತೊಡಕು. ಮುಖ ಭಾಗ ಮಾಡುವ ಇಂಥ ಯಂತ್ರಗಳ ಪಟ್ಟಿಯಲ್ಲಿ ಟೋಪಿಗೆ, ಓಲೆಗೆ ಹೆಸರಿದೆ, ಮುಡಿದ ಮಲ್ಲಿಗೆಗೆ ಇಲ್ಲ. ಕೆಲವು ಸಲ ಹೂವೂ ಕೂದಲೇ ಆಗಿ, ದಂಡೆಯ ಜಾಗದಲ್ಲಿ ಬಿಳಿ ನೆರೆತ ಜೊಂಪೆಯೊಂದು ಬಂದು ಕೂರುತ್ತದೆ.